ಒಟ್ಟು ಗಂಟೆ ಕಡಿಮೆ ಬಂದಾಗ ಎಲ್ಲಿ ನೋಡಬೇಕು: ಹಂಚಿಕೊಂಡ ಟೆಂಪ್ಲೇಟ್ ತುಂಬುವವರಿಗೆ ದೋಷ ನಿವಾರಣೆ ಕೈಪಿಡಿ

ತಿಂಗಳ ಕೊನೆಯಲ್ಲಿ ಬರುವ ದೂರು ಹೆಚ್ಚಾಗಿ ಒಂದೇ ಥರ ಇರುತ್ತದೆ. "ನಾವೆಲ್ಲ ಸರಿಯಾಗೇ ತುಂಬಿದ್ದೀವಿ, ಆದ್ರೆ ಶೀಟ್ ತೋರಿಸೋ ಒಟ್ಟು ಮೊತ್ತ ಕಡಿಮೆ ಇದೆ." ತುಂಬಿದವರು ಹೇಳುವುದು ನಿಜವೇ. ಸಾಲುಗಳನ್ನು ಕಣ್ಣಲ್ಲಿ ಓದಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಆದರೆ ನಾವು ಓದುವುದು ಒಂದು, ಶೀಟ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಇನ್ನೊಂದು. ಈ ಎರಡರ ನಡುವಿನ ವ್ಯತ್ಯಾಸವನ್ನು ಹುಡುಕುವುದು ಹೇಗೆ ಅನ್ನುವುದಕ್ಕೇ ಈ ಟಿಪ್ಪಣಿ.

ಉದಾಹರಣೆಗೆ ಕೆಲಸದ ಗಂಟೆಗಳನ್ನು ಬರೆಯುವ ಟೆಂಪ್ಲೇಟ್ ತೆಗೆದುಕೊಂಡಿದ್ದೇನೆ, ಯಾಕೆಂದರೆ ತಪ್ಪುಗಳು ಜಾಸ್ತಿ ಆಗುವುದು ಗಂಟೆಯ ಕಾಲಂನಲ್ಲೇ. ನಮ್ಮ ಉದಾಹರಣೆಯ ಶೀಟ್‌ನಲ್ಲಿ ಐದು ಕಾಲಂ ಇವೆ: A ದಿನಾಂಕ, B ವಿಭಾಗ, C ಕೆಲಸ, D ಗಂಟೆ, E ಷರಾ. ಮೊದಲ ಸಾಲು ತಲೆಬರಹ. 2ರಿಂದ 41ರವರೆಗೆ 40 ಸಾಲುಗಳನ್ನು ಸಿಬ್ಬಂದಿ ತುಂಬುತ್ತಾರೆ. ಗಂಟೆಯನ್ನು ದಶಮಾಂಶದಲ್ಲಿ, ಕಾಲು ಗಂಟೆಯ ಲೆಕ್ಕದಲ್ಲಿ ಬರೆಯಬೇಕು ಎಂಬುದು ನಿಯಮ. ಅಂದರೆ ಏಳೂವರೆ ಗಂಟೆಗೆ 7.5, ನಾಲ್ಕೂಕಾಲಿಗೆ 4.25. ಇನ್ನೊಂದು ಹಾಳೆಯಲ್ಲಿ ವಿಭಾಗವಾರು ಮೊತ್ತ ತಾನಾಗೇ ಬರುತ್ತದೆ. ಕೆಳಗಿನ ಫಾರ್ಮುಲಾಗಳು ಎಕ್ಸೆಲ್‌ನಲ್ಲೂ ಗೂಗಲ್ ಶೀಟ್ಸ್‌ನಲ್ಲೂ ನಡೆಯುತ್ತವೆ.

ಕಾಗದದ ದಿನಚರಿ ಚೀಟಿಗಳನ್ನು ಕೂಡಿದರೆ 212.5 ಗಂಟೆ ಬರುತ್ತದೆ. ಶೀಟ್ ತೋರಿಸುವುದು 185.6. ಸುಮಾರು 27 ಗಂಟೆ ಎಲ್ಲಿ ಹೋಯಿತು?

ಮುಟ್ಟುವ ಮೊದಲು

ಫೈಲ್‌ನ ಒಂದು ಕಾಪಿ ಮಾಡಿ ಪಕ್ಕಕ್ಕಿಡಿ. ಹುಡುಕುವ ಕೆಲಸವೆಲ್ಲ ಆ ಕಾಪಿಯಲ್ಲೇ ನಡೆಯಲಿ. ಹಂಚಿಕೊಂಡ ಶೀಟ್‌ನಲ್ಲಿ ನೀವು ಪರೀಕ್ಷೆಗೆಂದು ಬರೆದ ಫಾರ್ಮುಲಾ ಬೇರೆಯವರಿಗೂ ಕಾಣುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಸಾಧಾರಣ ಫಿಲ್ಟರ್ ಹಾಕಿದರೆ ಅದೇ ಹೊತ್ತಿಗೆ ಸಾಲು ತುಂಬುತ್ತಿರುವ ಸಹೋದ್ಯೋಗಿಯ ಪರದೆಯಲ್ಲೂ ಸಾಲುಗಳು ಮಾಯವಾಗುತ್ತವೆ. ಅವರು ಗಾಬರಿಯಾಗಿ ಅದೇ ಸಾಲನ್ನು ಮತ್ತೆ ಬರೆದರೆ ನಿಮಗೆ ಇನ್ನೊಂದು ತಪ್ಪು ಹುಡುಕುವ ಕೆಲಸ ಬಿತ್ತು. ಮೂಲ ಶೀಟ್‌ನಲ್ಲೇ ನೋಡಲೇಬೇಕು ಅಂದರೆ ಗೂಗಲ್ ಶೀಟ್ಸ್‌ನಲ್ಲಿ Filter view ಬಳಸಿ. ಅದು ನಿಮ್ಮ ಪರದೆಗೆ ಮಾತ್ರ.

ಮೊದಲ ಪ್ರಶ್ನೆ: ಎಷ್ಟು ಸಾಲು ಲೆಕ್ಕಕ್ಕೆ ಬಂದಿವೆ?

SUM ಫಾರ್ಮುಲಾಗೆ ಒಂದು ಗುಣ ಇದೆ. ಕೊಟ್ಟ ಸೆಲ್‌ಗಳಲ್ಲಿ ಸಂಖ್ಯೆ ಇದ್ದರೆ ಕೂಡುತ್ತದೆ. ಅಕ್ಷರ ಇದ್ದರೆ ಸದ್ದಿಲ್ಲದೆ ದಾಟಿ ಹೋಗುತ್ತದೆ. ತಪ್ಪಾಗಿದೆ ಎಂದು ಕೂಗಿ ಹೇಳುವುದಿಲ್ಲ. ಹಾಗಾಗಿ ಸಂಖ್ಯೆಯಂತೆ ಕಾಣುವ ಅಕ್ಷರ ಎಷ್ಟಿವೆ ಎಂದು ನಾವೇ ಕೇಳಬೇಕು.

```
=COUNTA(D2:D41)-COUNT(D2:D41)
```

COUNTA ಏನಾದರೂ ತುಂಬಿರುವ ಸೆಲ್‌ಗಳನ್ನೆಲ್ಲ ಎಣಿಸುತ್ತದೆ. COUNT ಬರೀ ಸಂಖ್ಯೆ ಇರುವ ಸೆಲ್‌ಗಳನ್ನು ಎಣಿಸುತ್ತದೆ. ಉತ್ತರ ಸೊನ್ನೆ ಬಂದರೆ ಎಲ್ಲವೂ ಸಂಖ್ಯೆಗಳೇ. ನಮ್ಮ ಉದಾಹರಣೆಯಲ್ಲಿ ಒಂದು 40, ಇನ್ನೊಂದು 37. ಅಂದರೆ ಮೂರು ಸೆಲ್‌ಗಳು ಲೆಕ್ಕಕ್ಕೇ ಬಂದಿಲ್ಲ. ಅವು ಯಾವುವು ಅಂತ ತಿಳಿಯಲು ಕಾಪಿಯ ಖಾಲಿ ಕಾಲಂ G ಯಲ್ಲಿ ಇದನ್ನು ಬರೆದು ಕೆಳಗಿನವರೆಗೆ ಎಳೆಯಿರಿ:

```
=ISTEXT(D2)
```

TRUE ಬಂದ ಸಾಲುಗಳೇ ಅಪರಾಧಿಗಳು. ನಮ್ಮಲ್ಲಿ ಸಿಕ್ಕ ಮೂರೂ ಬೇರೆ ಬೇರೆ ಕಾರಣದವು.

ಮೊದಲನೆಯದರಲ್ಲಿ "8 ಗಂಟೆ" ಎಂದು ಬರೆದಿದ್ದಾರೆ. ಇದು ಓದುವವರಿಗೆ ಅನುಕೂಲವಾಗಲಿ ಎಂದು ಒಳ್ಳೆಯ ಮನಸ್ಸಿನಿಂದ ಮಾಡುವ ತಪ್ಪು. ಸಂಖ್ಯೆಯ ಜೊತೆ ಅಳತೆಯ ಹೆಸರು ಸೇರಿದ ಕೂಡಲೇ ಇಡೀ ಸೆಲ್ ಅಕ್ಷರವಾಗುತ್ತದೆ. ಅಳತೆ ಏನೆಂದು ತಲೆಬರಹದಲ್ಲಿ ಆಗಲೇ ಇದೆ. ಸೆಲ್‌ನಲ್ಲಿ 8 ಸಾಕು. "8 (ಅಂದಾಜು)", "8+" ಇವೂ ಇದೇ ಜಾತಿ. ಹೇಳಬೇಕಾದ ಮಾತು ಇದ್ದರೆ ಷರಾ ಕಾಲಂ ಇರುವುದೇ ಅದಕ್ಕೆ.

ಎರಡನೆಯದು ಕಣ್ಣಿಗೆ ಅಪ್ಪಟ 6.5. ಆದರೆ ಇದನ್ನು ಯಾರೋ ವೆಬ್ ಪುಟದಿಂದಲೋ ಮೇಲ್‌ನಿಂದಲೋ ಕಾಪಿ ಮಾಡಿ ತಂದಿದ್ದಾರೆ. ಕೊನೆಯಲ್ಲಿ ಒಂದು ಕಾಣದ ಸ್ಪೇಸ್ ಅಂಟಿಕೊಂಡಿದೆ. ಅದು ಕೀಬೋರ್ಡ್‌ನ ಸಾಮಾನ್ಯ ಸ್ಪೇಸ್ ಅಲ್ಲ, ವೆಬ್ ಪುಟಗಳಲ್ಲಿ ಪದಗಳು ಬೇರೆಯಾಗದಂತೆ ಹಿಡಿಯಲು ಬಳಸುವ ಇನ್ನೊಂದು ಬಗೆಯ ಸ್ಪೇಸ್. ಅದರ ಸಂಕೇತ ಸಂಖ್ಯೆ 160. ಹೆಚ್ಚುವರಿ ಸ್ಪೇಸ್ ತೆಗೆಯಲು ಎಲ್ಲರೂ TRIM ಬಳಸುತ್ತಾರೆ. ಎಕ್ಸೆಲ್‌ನ TRIM ಈ 160ನ್ನು ಮುಟ್ಟುವುದಿಲ್ಲ. "TRIM ಹಾಕಿದೆ, ಆದರೂ ಸರಿ ಹೋಗ್ಲಿಲ್ಲ" ಎಂದು ಯಾರಾದರೂ ಹೇಳಿದರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ. ಅಕ್ಷರ ಎಷ್ಟಿವೆ ಎಂದು LEN ಕೇಳಿ ನೋಡಿ. 6.5 ಅಂದರೆ ಮೂರು ಅಕ್ಷರ. ನಾಲ್ಕು ಎಂದು ಬಂದರೆ ಒಂದು ಅಡಗಿ ಕೂತಿದೆ. ಒಂದೆರಡು ಸೆಲ್ ಆದರೆ ಅಳಿಸಿ ಕೈಯಲ್ಲಿ ಮತ್ತೆ ಟೈಪ್ ಮಾಡುವುದೇ ಸುಲಭ. ಇಡೀ ಕಾಲಂ ಹಾಗಿದ್ದರೆ:

```
=VALUE(SUBSTITUTE(D9,UNICHAR(160),""))
```

ಮೂರನೆಯದು ಬರೀ 5. ಸ್ಪೇಸ್ ಇಲ್ಲ, ಅಕ್ಷರ ಇಲ್ಲ. ಆದರೆ ಆ ಸೆಲ್‌ನ ಫಾರ್ಮ್ಯಾಟ್ Text ಎಂದು ಇದ್ದಾಗ ಟೈಪ್ ಮಾಡಿದ್ದರಿಂದ ಅದು ಅಕ್ಷರವಾಗೇ ಉಳಿದಿದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಎಕ್ಸೆಲ್‌ನಲ್ಲಿ ಫಾರ್ಮ್ಯಾಟ್ ಅನ್ನು Number ಎಂದು ಬದಲಿಸಿ, "ಸರಿ ಮಾಡಿದೆ" ಅಂದುಕೊಳ್ಳುತ್ತಾರೆ. ಫಾರ್ಮ್ಯಾಟ್ ಬದಲಾಗುತ್ತದೆ, ಒಳಗಿರುವುದು ಬದಲಾಗುವುದಿಲ್ಲ. ಆ ಸೆಲ್ ಒಳಗೆ ಹೋಗಿ ಮತ್ತೆ ಎಂಟರ್ ಒತ್ತಬೇಕು, ಇಲ್ಲವೇ ಮತ್ತೆ ಟೈಪ್ ಮಾಡಬೇಕು. ಎಕ್ಸೆಲ್ ಇಂಥ ಸೆಲ್‌ಗಳ ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ ತೋರಿಸುತ್ತದೆ. ಅದನ್ನು ಒತ್ತಿದರೆ Convert to Number ಎಂಬ ಆಯ್ಕೆಯೂ ಸಿಗುತ್ತದೆ. ಆ ತ್ರಿಕೋನವನ್ನು ಅಲಂಕಾರ ಅಂತ ಬಿಟ್ಟುಬಿಡಬೇಡಿ.

ಇದೇ ಸೆಲ್ ಇನ್ನೊಂದು ಗೊಂದಲವನ್ನೂ ಹುಟ್ಟಿಸುತ್ತದೆ. D12 ರಲ್ಲಿ ಈ ಅಕ್ಷರದ 5, D13 ರಲ್ಲಿ ನಿಜವಾದ 3 ಇದೆ ಅನ್ನಿ. `=D12+D13` ಎಂದು ಕೂಡಿದರೆ 8 ಬರುತ್ತದೆ. `=SUM(D12:D13)` ಎಂದು ಕೂಡಿದರೆ 3 ಬರುತ್ತದೆ. ಕೂಡಿಸುವ ಚಿಹ್ನೆ ಅಕ್ಷರವನ್ನು ಸಂಖ್ಯೆಯಾಗಿ ಓದಲು ಪ್ರಯತ್ನಿಸುತ್ತದೆ, SUM ಪ್ರಯತ್ನಿಸುವುದಿಲ್ಲ. ಹಾಗಾಗಿ ಒಬ್ಬರು "ನಾನು ಕೂಡಿ ನೋಡಿದೆ, ಸರಿ ಇದೆ" ಎಂದೂ ಇನ್ನೊಬ್ಬರು "ಶೀಟ್ ತಪ್ಪು" ಎಂದೂ ವಾದ ಮಾಡಿದರೆ ಇಬ್ಬರೂ ಕಂಡದ್ದನ್ನೇ ಹೇಳುತ್ತಿರುತ್ತಾರೆ.

ಸಂಖ್ಯೆ ಬಲಕ್ಕೆ, ಅಕ್ಷರ ಎಡಕ್ಕೆ ನಿಲ್ಲುವುದು ಶೀಟ್‌ನ ಸಹಜ ರೂಢಿ. ಕಾಲಂ ಮೇಲೆ ಕಣ್ಣಾಡಿಸಿದರೆ ಎಡಕ್ಕೆ ಅಂಟಿಕೊಂಡ ಸೆಲ್‌ಗಳು ಎದ್ದು ಕಾಣುತ್ತವೆ. ಅದಕ್ಕೇ ಹೇಳುವುದು, ಅಂದವಾಗಿ ಕಾಣಲಿ ಎಂದು ಟೆಂಪ್ಲೇಟ್‌ನ ಗಂಟೆ ಕಾಲಂ ಅನ್ನು ಮಧ್ಯಕ್ಕೆ ಜೋಡಿಸಬೇಡಿ. ಆ ಗುರುತು ಹೊರಟುಹೋಗುತ್ತದೆ.

ಈ ಮೂರೂ ಸೇರಿ 19.5 ಗಂಟೆ. ಸರಿಪಡಿಸಿದ ಮೇಲೆ ಮೊತ್ತ 205.1 ಆಯಿತು. ಇನ್ನೂ ಏಳು ಗಂಟೆ ಚಿಲ್ಲರೆ ಬಾಕಿ.

ಎರಡನೆಯ ಪ್ರಶ್ನೆ: ಲೆಕ್ಕಕ್ಕೆ ಬಂದದ್ದು ಸರಿಯಾದ ಸಂಖ್ಯೆಯೇ?

ಈಗ COUNT 40 ತೋರಿಸುತ್ತದೆ. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಅನುಭವದಲ್ಲಿ ಹೆಚ್ಚು ಹಾನಿ ಮಾಡುವ ತಪ್ಪುಗಳು ಇರುವುದು ಇದರ ಆಚೆಗೇ. ಸೆಲ್‌ನಲ್ಲಿ ಸಂಖ್ಯೆ ಇದೆ, ಶೀಟ್ ಅದನ್ನು ಕೂಡಿದೆ, ಆದರೆ ಬರೆದವರು ಹೇಳಿದ್ದು ಅದಲ್ಲ.

ಒಬ್ಬರು ಏಳೂವರೆ ಗಂಟೆಯನ್ನು 7:30 ಎಂದು ಬರೆದಿದ್ದಾರೆ. ಗಡಿಯಾರ ನೋಡುವ ಅಭ್ಯಾಸಕ್ಕೆ ಇದು ಸಹಜವೇ, ಅಲ್ವಾ? ಆದರೆ ಶೀಟ್‌ಗೆ ಅದು ದಿನದ ಒಂದು ಹೊತ್ತು. ಶೀಟ್ ಹೊತ್ತನ್ನು ಇಡೀ ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ. 24 ಗಂಟೆ ಅಂದರೆ 1. ಆದ್ದರಿಂದ 7:30 ಅಂದರೆ 7.5 ಭಾಗಿಸು 24, ಅಂದರೆ 0.3125. ಮೊತ್ತಕ್ಕೆ ಸೇರುವುದು ಅಷ್ಟೇ. ಸೆಲ್‌ನ ಫಾರ್ಮ್ಯಾಟ್ ಹೇಗಿದೆ ಅನ್ನುವುದರ ಮೇಲೆ ಪರದೆಯಲ್ಲಿ 7:30 ಎಂದೇ ಕಾಣಬಹುದು, 0.3 ಎಂದೂ ಕಾಣಬಹುದು. ಮೊದಲನೆಯದು ಹೆಚ್ಚು ಅಪಾಯ, ಯಾಕೆಂದರೆ ಓದುವವರಿಗೆ ಅದರಲ್ಲಿ ಏನೂ ತಪ್ಪು ಕಾಣುವುದಿಲ್ಲ. ಈ ಒಂದೇ ಸೆಲ್‌ನಿಂದ 7.1875 ಗಂಟೆ ಹೋಗಿತ್ತು.

ಇನ್ನೊಬ್ಬರು ನಾಲ್ಕು ಗಂಟೆ ಮೂವತ್ತು ನಿಮಿಷವನ್ನು 4.30 ಎಂದು ಬರೆದಿದ್ದಾರೆ. ಶೀಟ್ ಅದನ್ನು 4.3 ಎಂದು ಓದುತ್ತದೆ, ಅಂದರೆ ನಾಲ್ಕು ಗಂಟೆ ಹದಿನೆಂಟು ನಿಮಿಷ. ಹೋದದ್ದು 0.2 ಗಂಟೆ, ಹನ್ನೆರಡು ನಿಮಿಷ. ಒಂದು ಸಾಲಿಗೆ ಸಣ್ಣದು. ಆದರೆ ಹೀಗೆ ಬರೆಯುವವರು ಪ್ರತಿದಿನ ಹೀಗೇ ಬರೆಯುತ್ತಾರೆ. ಒಂದು ಕಡೆ ಸಿಕ್ಕರೆ ಅದೇ ವ್ಯಕ್ತಿಯ ಉಳಿದ ಸಾಲುಗಳನ್ನೂ ನೋಡಿ.

ಈ ಎರಡನ್ನೂ ಹಿಡಿಯಲು ನಮ್ಮ ಕಾಲು ಗಂಟೆಯ ನಿಯಮವೇ ನೆರವಿಗೆ ಬರುತ್ತದೆ. ಸರಿಯಾದ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿದರೆ ಪೂರ್ಣ ಸಂಖ್ಯೆಯೇ ಬರಬೇಕು.

```
=MOD(D2*4,1)=0
```

4.5 ಕ್ಕೆ TRUE ಬರುತ್ತದೆ. 4.3 ಕ್ಕೆ FALSE. 0.3125 ಕ್ಕೂ FALSE. ಆದರೆ ಇದನ್ನೊಂದೇ ನಂಬಬೇಡಿ. ಯಾರಾದರೂ ಆರು ಗಂಟೆಯನ್ನು 6:00 ಎಂದು ಬರೆದಿದ್ದರೆ ಅದು ದಿನದ ಕಾಲು ಭಾಗ, ಅಂದರೆ 0.25. ಈ ಪರೀಕ್ಷೆಯಲ್ಲಿ ಅದು ಸಲೀಸಾಗಿ ಪಾಸಾಗುತ್ತದೆ. ಹಾಗಾಗಿ ಜೊತೆಗೆ `=MIN(D2:D41)` ಮತ್ತು `=MAX(D2:D41)` ಕೂಡ ನೋಡಿ. ನಿಮ್ಮಲ್ಲಿ ಯಾರೂ ಕಾಲು ಗಂಟೆಯ ಕೆಲಸ ದಾಖಲಿಸುವುದಿಲ್ಲ ಎಂದಾದರೆ, 0.25 ಕಂಡ ಕೂಡಲೇ ಆ ಸಾಲಿಗೆ ಹೋಗಿ ಸೆಲ್ ಒತ್ತಿ, ಮೇಲಿನ ಫಾರ್ಮುಲಾ ಪಟ್ಟಿಯಲ್ಲಿ ಏನಿದೆ ನೋಡಿ.

MAX ಹೇಳುವ ಕಥೆ ಬೇರೆ. ಏಳೂವರೆಯನ್ನು 7-30 ಎಂದು ಅಡ್ಡಗೆರೆ ಹಾಕಿ ಬರೆದರೆ ಶೀಟ್ ಅದನ್ನು ತಾರೀಖು ಎಂದು ತಿಳಿಯಬಹುದು. ತಾರೀಖುಗಳನ್ನು ಶೀಟ್ ದಿನಗಳ ಎಣಿಕೆಯಾಗಿ ಇಡುತ್ತದೆ. 2024ರ ಜನವರಿ 1 ಅಂದರೆ ಅದಕ್ಕೆ 45292. ಹಾಗಾಗಿ ಮೊತ್ತ ಇದ್ದಕ್ಕಿದ್ದಂತೆ ನಲವತ್ತು ಸಾವಿರ ದಾಟಿದರೆ ಬೇರೆಲ್ಲೂ ಹುಡುಕಬೇಡಿ. ಗಂಟೆ ಕಾಲಂನಲ್ಲಿ ಒಂದು ತಾರೀಖು ಸೇರಿಕೊಂಡಿದೆ.

7:30 ನ್ನು 7.5 ಮಾಡಿದ ಮೇಲೆ ಮೊತ್ತ 212.3. 4.30 ನ್ನು 4.5 ಮಾಡಿದ ಮೇಲೆ 212.5. ಕಾಗದದ ಲೆಕ್ಕಕ್ಕೆ ಸರಿಹೋಯಿತು.

ಒಟ್ಟು ಸರಿ, ವಿಭಾಗವಾರು ತಪ್ಪು

ಇಷ್ಟಾದರೂ ಇನ್ನೊಂದು ಹಾಳೆಯಲ್ಲಿ ಗೋದಾಮು, ದುರಸ್ತಿ, ಪ್ಯಾಕಿಂಗ್ ಮೂರೂ ವಿಭಾಗ ಕೂಡಿದರೆ 198.5 ಮಾತ್ರ. ಒಟ್ಟು 212.5 ಇದ್ದು ವಿಭಾಗಗಳ ಮೊತ್ತ 14 ಕಡಿಮೆ ಇದೆ ಅಂದರೆ, ಯಾವುದೋ ಸಾಲಿಗೆ ತನ್ನ ವಿಭಾಗವೇ ಸಿಕ್ಕಿಲ್ಲ. ತಪ್ಪು ಈಗ D ಯಲ್ಲಿಲ್ಲ, B ಯಲ್ಲಿದೆ. ಒಪ್ಪಿತ ಹೆಸರುಗಳನ್ನು H2ರಿಂದ H4ರವರೆಗೆ ಬರೆದು ಹೀಗೆ ಕೇಳಿ:

```
=COUNTIF($H$2:$H$4,B2)=0
```

TRUE ಬಂದ ಸಾಲಿನ ಹೆಸರು ಪಟ್ಟಿಯಲ್ಲಿಲ್ಲ. ನಮ್ಮಲ್ಲಿ ಎರಡು ಸಿಕ್ಕವು. ಒಂದರಲ್ಲಿ "ದುರಸ್ತಿ" ಬದಲು "ರಿಪೇರಿ" ಎಂದಿದೆ, ಅದರ ಗಂಟೆ 8. ಅರ್ಥ ಒಂದೇ, ಆದರೆ ಶೀಟ್‌ಗೆ ಅರ್ಥ ಗೊತ್ತಿಲ್ಲ. ಇನ್ನೊಂದು ನೋಡಲು "ದುರಸ್ತಿ"ಯೇ. LEN ಗುಣಿತದ ಚಿಹ್ನೆಗಳನ್ನೂ ಒತ್ತಿನ ಸಂಕೇತವನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಹಾಗೆ ಎಣಿಸಿ 7 ಬರಬೇಕಾದ ಕಡೆ 8 ಬಂತು. ಕೊನೆಯಲ್ಲೊಂದು ಸ್ಪೇಸ್. ಅದರ ಗಂಟೆ 6. ಎರಡೂ ಸೇರಿ 14.

ಕನ್ನಡದಲ್ಲಿ ಬರೆಯುವ ನಮಗೆ ಇಲ್ಲಿ ಒಂದು ಹೆಚ್ಚಿನ ತೊಡಕಿದೆ. "ಪ್ಯಾಕಿಂಗ್" ಥರ ಅರ್ಧಾಕ್ಷರದಲ್ಲಿ ಮುಗಿಯುವ ಪದಗಳ ಕೊನೆಗೆ ಕೆಲವು ಕೀಬೋರ್ಡ್‌ಗಳು ಕಾಣದ ಒಂದು ಸಂಕೇತವನ್ನು ಸೇರಿಸುತ್ತವೆ. ಮುಂದಿನ ಅಕ್ಷರ ಒತ್ತಾಗಿ ಸೇರಿಕೊಳ್ಳದಿರಲಿ ಎಂಬುದು ಅದರ ಉದ್ದೇಶ. ಒಬ್ಬರು ಫೋನ್‌ನಲ್ಲಿ, ಇನ್ನೊಬ್ಬರು ಕಂಪ್ಯೂಟರ್‌ನಲ್ಲಿ ಬರೆದ ಅದೇ ಪದ ಒಂದು ಕಡೆ 9, ಇನ್ನೊಂದು ಕಡೆ 10 ಅಕ್ಷರ ಆಗಿರಬಹುದು, ಮತ್ತು ಶೀಟ್ ಅವನ್ನು ಎರಡು ಬೇರೆ ಹೆಸರು ಎಂದು ಎಣಿಸಬಹುದು. ಇದನ್ನು ಸಿಬ್ಬಂದಿಯ ತಪ್ಪು ಎಂದು ಹೇಳುವುದು ನ್ಯಾಯವಲ್ಲ. ವಿಭಾಗದ ಹೆಸರನ್ನು ಯಾರೂ ಟೈಪ್ ಮಾಡಬೇಕಾಗಿಯೇ ಬರಬಾರದು. ಆ ಕಾಲಂಗೆ Data validation ಮೂಲಕ ಪಟ್ಟಿ ಕೊಟ್ಟು, ಅದರಿಂದಲೇ ಆರಿಸುವ ಹಾಗೆ ಮಾಡಿ.

ಪಟ್ಟಿ ಕೊಟ್ಟರೂ ತಪ್ಪು ಬರುವುದೇಕೆ

ಪೇಸ್ಟ್‌ನಿಂದ. ಬೇರೆ ಫೈಲ್‌ನಿಂದ ಸೆಲ್ ಕಾಪಿ ಮಾಡಿ ಸಾಮಾನ್ಯ ರೀತಿಯಲ್ಲಿ ಪೇಸ್ಟ್ ಮಾಡಿದರೆ ಆ ಸೆಲ್‌ನ ಫಾರ್ಮ್ಯಾಟೂ ನಿಯಮಗಳೂ ಜೊತೆಗೇ ಬಂದು, ಟೆಂಪ್ಲೇಟ್‌ನಲ್ಲಿದ್ದ ಪಟ್ಟಿಯನ್ನು ಅಳಿಸಿ ಕೂರುತ್ತವೆ. ಆಮೇಲೆ ಆ ಸೆಲ್‌ನಲ್ಲಿ ಏನು ಬರೆದರೂ ನಡೆಯುತ್ತದೆ. ಗುರುತು ಸುಲಭ: ಒಂದು ಸಾಲಿನಲ್ಲಿ ಮಾತ್ರ ಪಟ್ಟಿ ತೆರೆಯುವ ಬಾಣ ಇರುವುದಿಲ್ಲ, ಅಥವಾ ಅಕ್ಷರದ ಗಾತ್ರ ಬೇರೆ ಇರುತ್ತದೆ.

ಸೆಲ್ ಒಳಗಿನ ಬರಹವನ್ನಷ್ಟೇ ಪೇಸ್ಟ್ ಮಾಡಿದರೆ ನಿಯಮ ಉಳಿಯುತ್ತದೆ. ಗೂಗಲ್ ಶೀಟ್ಸ್‌ನಲ್ಲಿ Ctrl+Shift+V ಒತ್ತಿ, ಎಕ್ಸೆಲ್‌ನಲ್ಲಿ Paste Special ಒಳಗಿನ Values ಆರಿಸಿ. ಆದರೂ ಎಕ್ಸೆಲ್ ಪೇಸ್ಟ್ ಮಾಡಿದ್ದನ್ನು ಆ ಹೊತ್ತಿಗೆ ಪರೀಕ್ಷಿಸುವುದಿಲ್ಲ. ಕೈಯಲ್ಲಿ ಟೈಪ್ ಮಾಡಿದರೆ ತಡೆಯುವ ತಪ್ಪು ಪೇಸ್ಟ್‌ನಲ್ಲಿ ನುಸುಳುತ್ತದೆ. ಅದಕ್ಕೆ Data ಮೆನುವಿನ Data Validation ಕೆಳಗೆ Circle Invalid Data ಇದೆ. ಒತ್ತಿದರೆ ನಿಯಮ ಮೀರಿದ ಸೆಲ್‌ಗಳ ಸುತ್ತ ಕೆಂಪು ವೃತ್ತ ಬೀಳುತ್ತದೆ. ತಿಂಗಳ ಕೊನೆಯ ಪರಿಶೀಲನೆಯಲ್ಲಿ ಇದನ್ನು ಬಿಡಬೇಡಿ.

ತಾರೀಖು

ತಿಂಗಳವಾರು ಮೊತ್ತ ಮಾತ್ರ ತಪ್ಪಿದ್ದರೆ A ಕಾಲಂ ನೋಡಿ. 03/04/2024 ಎಂದು ಬರೆದಾಗ ಕೆಲವು ಸೆಟ್ಟಿಂಗ್‌ಗಳಲ್ಲಿ ಅದು ಏಪ್ರಿಲ್ 3, ಇನ್ನು ಕೆಲವದರಲ್ಲಿ ಮಾರ್ಚ್ 4. ಗೂಗಲ್ ಶೀಟ್ಸ್‌ನಲ್ಲಿ ಫೈಲ್‌ನ Locale ಇದನ್ನು ನಿರ್ಧರಿಸುತ್ತದೆ. ಕಂಪ್ಯೂಟರ್‌ನಲ್ಲಿ ಹಾಕಿಕೊಂಡ ಎಕ್ಸೆಲ್‌ನಲ್ಲಿ ಆ ಕಂಪ್ಯೂಟರ್‌ನ ಸೆಟ್ಟಿಂಗ್ ನಿರ್ಧರಿಸುತ್ತದೆ. ಆದ್ದರಿಂದಲೇ ಒಂದೇ ಫೈಲ್‌ನಲ್ಲಿ ಒಬ್ಬರ ತಾರೀಖು ಸರಿ, ಇನ್ನೊಬ್ಬರದು ಅದಲುಬದಲು ಆಗುವುದು.

ಈ ದೋಷಕ್ಕೆ ಸ್ಪಷ್ಟವಾದ ಲಕ್ಷಣ ಇದೆ. ತಿಂಗಳ 1ರಿಂದ 12ರವರೆಗಿನ ದಿನಗಳು ಬೇರೆ ಬೇರೆ ತಿಂಗಳಿಗೆ ಚದುರಿ ಹೋಗಿರುತ್ತವೆ. 13ರಿಂದ ಮುಂದಿನವು ಅಕ್ಷರವಾಗಿ ಎಡಕ್ಕೆ ಅಂಟಿಕೊಂಡಿರುತ್ತವೆ, ಏಕೆಂದರೆ ಹದಿಮೂರನೆಯ ತಿಂಗಳೇ ಇಲ್ಲ. ಈ ಎರಡೂ ಒಟ್ಟಿಗೆ ಕಂಡರೆ ಕಾರಣ ಇದೇ. ಎಡಕ್ಕಿರುವ ಸಾಲುಗಳನ್ನು ಮಾತ್ರ ಸರಿಮಾಡಿ ಬಿಟ್ಟರೆ ಮೊದಲ ಹನ್ನೆರಡು ದಿನಗಳು ತಪ್ಪಾಗೇ ಉಳಿಯುತ್ತವೆ. ಅದೇ ವ್ಯಕ್ತಿ ತುಂಬಿದ ಎಲ್ಲ ತಾರೀಖುಗಳನ್ನೂ ತೆಗೆದು 2024-04-03 ರೂಪದಲ್ಲಿ, ವರ್ಷ ಮೊದಲು ಬರುವಂತೆ, ಮತ್ತೆ ಬರೆಸಿ. ಆ ರೂಪದಲ್ಲಿ ದಿನ ಯಾವುದು, ತಿಂಗಳು ಯಾವುದು ಎಂಬ ಗೊಂದಲ ಬರುವುದಿಲ್ಲ.

ಫಾರ್ಮುಲಾ ಹಿಡಿಯಲಾರದ್ದು

ಮೊತ್ತದ ಫಾರ್ಮುಲಾ 41ನೇ ಸಾಲಿನವರೆಗೆ ಮಾತ್ರ ನೋಡುತ್ತಿದ್ದು, ಯಾರಾದರೂ 42ರಲ್ಲಿ ಬರೆದಿದ್ದರೆ ಮೇಲಿನ ಯಾವ ಪರೀಕ್ಷೆಯೂ ಅದನ್ನು ತೋರಿಸುವುದಿಲ್ಲ, ಅವೂ 41ಕ್ಕೇ ನಿಲ್ಲುತ್ತವಲ್ಲ. ಸಾಲು ಸಾಲದಾದರೆ ಕೊನೆಯಲ್ಲಿ ಸೇರಿಸದೆ ನಡುವೆ ಸೇರಿಸಿ. ಆಗ ಫಾರ್ಮುಲಾದ ವ್ಯಾಪ್ತಿ ತಾನಾಗೇ ಹಿಗ್ಗುತ್ತದೆ.

ಹಾಗೆಯೇ ಐದು ಗಂಟೆ ಐವತ್ತು ನಿಮಿಷವನ್ನು 5.50 ಎಂದು ಬರೆದರೆ ಶೀಟ್‌ಗೆ ಅದು ಐದೂವರೆ, ಕಾಲು ಗಂಟೆಯ ಪರೀಕ್ಷೆಯಲ್ಲೂ ಪಾಸು. 6 ಬರೆಯುವ ಕಡೆ 8 ಬರೆದರೂ ಅಷ್ಟೇ. ಇವನ್ನು ಕಾಗದದ ಚೀಟಿಯ ಜೊತೆ ಹೋಲಿಸಿಯೇ ಕಂಡುಹಿಡಿಯಬೇಕು. ಎಲ್ಲ ಸಾಲು ಹೋಲಿಸಲು ಸಮಯ ಇಲ್ಲದಿದ್ದರೆ, ಮೇಲಿನ ಪರೀಕ್ಷೆಗಳಲ್ಲಿ ಯಾರ ಸಾಲು ಸಿಕ್ಕಿಬಿದ್ದಿತ್ತೋ ಅವರ ಚೀಟಿಗಳಿಂದ ಶುರು ಮಾಡಿ.

ಮೂಲ ಶೀಟ್‌ನಲ್ಲಿ ತಿದ್ದುವಾಗ ಷರಾ ಕಾಲಂನಲ್ಲಿ ಹಳೆಯ ಬರಹ ಮತ್ತು ಹೊಸದು ಎರಡನ್ನೂ ಬರೆಯಿರಿ: "7:30 ಇತ್ತು, 7.5 ಮಾಡಲಾಗಿದೆ." ತುಂಬಿದವರಿಗೂ ಅದೇ ಸಾಲು ಕಳಿಸಿ. "ತಪ್ಪು ತುಂಬಿದ್ದೀರಿ" ಎಂಬ ಮಾತಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಈ ಸಾಲು ನೋಡಿದರೆ ಮುಂದಿನ ತಿಂಗಳು ಹೇಗೆ ಬರೆಯಬೇಕೆಂದು ಅವರಿಗೇ ಗೊತ್ತಾಗುತ್ತದೆ.